ಅಂಟು ಕಫ ಮತ್ತು ಒಮ್ಮೆ ಬೇರೂರಿದರೆ ಬಿಡದ ರೋಗಾಣು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳಿಗೆ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ವಿಜ್ಞಾನದ ವಿದ್ಯಾರ್ಥಿಗಳಿಗೆ ಉಪಯೋಗವಾಗುವ, ಪಾಲಕರಿಗೂ ತಿಳಿಯುವ ಯಾವುದಾದರೂ ಒಂದು ಕಾಯಿಲೆಯ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನೀವು ಬಹಳ ಕೇಳಿದ್ದೀರಿ. ನಾನು ಇಂದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯನ್ನು ಆರಿಸಿಕೊಂಡಿದ್ದೇನೆ. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲ ಎಂದು ನಾವು ವೈದ್ಯರೇ ಬಹಳ ವರ್ಷ ನಂಬಿದ್ದೆವು. ಅದು ತಪ್ಪು. ನಮ್ಮಲ್ಲಿ ಅದು ಇದೆ. ಆದರೆ ನ್ಯುಮೋನಿಯಾ, ದಮ್ಮು, ಕ್ಷಯ ಎಂಬ ಬೇರೆ ಬೇರೆ ಹೆಸರುಗಳ ಕೆಳಗೆ ಅಡಗಿಕೊಂಡಿರುತ್ತದೆ.

ಈ ಕಾಯಿಲೆಯ ಎಲ್ಲ ವಿಷಯಗಳನ್ನೂ ನಾನು ಹೇಳುವುದಿಲ್ಲ. ಒಂದೇ ಒಂದು ಪ್ರಶ್ನೆ ಹಿಡಿದು ಹೋಗುತ್ತೇನೆ. ಈ ಮಕ್ಕಳ ಶ್ವಾಸನಾಳದಲ್ಲಿ ಸೂಡೋಮೊನಾಸ್ ಎಂಬ ರೋಗಾಣು ಬಂದು ಸೇರುತ್ತದೆ. ಅದು ಮೊದಲ ಸಲ ಬಂದಾಗ ಓಡಿಸಬಹುದು. ಬೇರೂರಿದ ಮೇಲೆ ಓಡಿಸಲು ಹೆಚ್ಚಾಗಿ ಆಗುವುದಿಲ್ಲ. ಹೀಗೇಕೆ? ಇದರ ಉತ್ತರ ತಿಳಿದರೆ, ಈ ಕಾಯಿಲೆಯ ಜೀವನಪರ್ಯಂತದ ಚಿಕಿತ್ಸೆ ಯಾಕೆ ಹಾಗಿದೆ ಎಂಬುದೂ ತಿಳಿಯುತ್ತದೆ.

ಮೊದಲು ಒಂದು ಮಗುವಿನ ಕಥೆ. ಇದು ಒಂದೇ ಮಗುವಿನ ಕಥೆ ಅಲ್ಲ. ಯಾರ ಗುರುತೂ ಸಿಗಬಾರದೆಂದು, ಇಂಥ ಮಕ್ಕಳಲ್ಲಿ ಕಾಣುವ ಸಂಗತಿಗಳನ್ನು ಕೂಡಿಸಿ ಒಂದು ಮಗು ಮಾಡಿದ್ದೇನೆ. ಮುಂಡರಗಿ ಕಡೆಯ ಹಳ್ಳಿಯ ನಾಲ್ಕು ವರ್ಷದ ಹುಡುಗಿ ಎಂದು ತಿಳಿಯಿರಿ. ತೂಕ 11 ಕಿಲೊ. ಆ ವಯಸ್ಸಿಗೆ 15 ಕಿಲೊ ಸಮೀಪ ಇರಬೇಕಿತ್ತು. ಹುಟ್ಟಿದ ಮೂರನೇ ತಿಂಗಳಿನಿಂದ ಕೆಮ್ಮು. ಮೂರು ಸಲ ನ್ಯುಮೋನಿಯಾ. ಎರಡು ಸಲ ಆರಾರು ತಿಂಗಳು ಕ್ಷಯದ ಗುಳಿಗೆ, ಆದರೆ ಒಮ್ಮೆಯೂ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿರಲಿಲ್ಲ. ಚೆನ್ನಾಗಿ ಉಣ್ಣುತ್ತಾಳೆ, ಆದರೆ ಮೈ ಹತ್ತುವುದಿಲ್ಲ. ಮಲ ಜಿಡ್ಡುಜಿಡ್ಡಾಗಿ, ವಿಪರೀತ ನಾತ. ಇವಳಿಗಿಂತ ಮೊದಲು ಹುಟ್ಟಿದ ಗಂಡುಮಗು ಎಂಟನೇ ತಿಂಗಳಲ್ಲಿ ತೀರಿಕೊಂಡಿತ್ತು. ತಾಯಿ ಒಂದು ಮಾತು ಹೇಳುತ್ತಾಳೆ: "ಡಾಕ್ಟ್ರ, ಕೂಸಿನ ಹಣಿಗೆ ಮುದ್ದು ಕೊಟ್ರ ತುಟಿ ಉಪ್ಪುಪ್ಪು ಆಗತಾವ್ರಿ. ಬ್ಯಾಸಿಗ್ಯಾಗ ಅಂಗಿ ಮ್ಯಾಲ ಬಿಳೇ ಉಪ್ಪು ಕೂಡತೈತ್ರಿ."

ರೋಗದ ಗುಟ್ಟು ಈ ತಾಯಿಯ ಮಾತಿನಲ್ಲೇ ಇದೆ. 1938ರಲ್ಲಿ ಅಮೆರಿಕದ ಡೊರೊತಿ ಆಂಡರ್ಸನ್ ಎಂಬ ವೈದ್ಯೆ ಈ ಕಾಯಿಲೆಯನ್ನು ವಿವರವಾಗಿ ಬರೆದರು. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಭಾರಿ ಝಳ ಬಂದಾಗ, ನಿತ್ರಾಣವಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ಕಾಯಿಲೆಯವರೇ ಹೆಚ್ಚಾಗಿ ಕಂಡರು. ಅದೇ ಜಾಡು ಹಿಡಿದ ಪಾಲ್ ಡಿ ಸಾಂತ್ ಆಗ್ನೀಸ್ ಎಂಬ ವೈದ್ಯರು, ಇವರ ಬೆವರಿನಲ್ಲಿ ಉಪ್ಪು ಬಹಳ ಹೆಚ್ಚಿರುತ್ತದೆ ಎಂದು 1953ರಲ್ಲಿ ತೋರಿಸಿದರು. ಇಂದಿಗೂ ರೋಗ ಪತ್ತೆಯ ಮುಖ್ಯ ಪರೀಕ್ಷೆ ಬೆವರಿನದೇ. ಮುಂಗೈ ಮೇಲೆ ಪೈಲೊಕಾರ್ಪಿನ್ ಎಂಬ ಔಷಧಿ ಹಚ್ಚಿ, ಅತಿ ಸಣ್ಣ ವಿದ್ಯುತ್ ಹರಿಸಿ ಬೆವರು ಬರಿಸುತ್ತಾರೆ. ಬೆವರನ್ನು ಕೂಡಿಹಾಕಿ ಅದರ ಕ್ಲೋರೈಡ್ ಅಳೆಯುತ್ತಾರೆ. ಒಂದು ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚು ಬಂದರೆ ರೋಗ ಇದೆ ಎಂದರ್ಥ. 30ಕ್ಕಿಂತ ಕಡಿಮೆ ಇದ್ದರೆ ರೋಗದ ಸಂಭವ ಬಹಳ ಕಡಿಮೆ. ನಡುವೆ ಬಂದರೆ ಜೀನ್ ಪರೀಕ್ಷೆ ಬೇಕು. ನಮ್ಮ ಕಥೆಯ ಹುಡುಗಿಗೆ 96 ಬಂತು. ಎರಡನೇ ಸಲ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು.

ಈಗ ಶ್ವಾಸನಾಳದ ಒಳಗೆ ಹೋಗೋಣ. ನಮ್ಮ ಜೀವಕೋಶಗಳ ಹೊರಗೋಡೆಯಲ್ಲಿ ಉಪ್ಪಿನ ಅಂಶ ಹಾಯಲು ಬಾಗಿಲುಗಳಿವೆ. ಅವುಗಳಲ್ಲಿ ಒಂದರ ಹೆಸರು ಸಿ.ಎಫ್.ಟಿ.ಆರ್. ಇದು ಕ್ಲೋರೈಡನ್ನೂ ಬೈಕಾರ್ಬೊನೇಟನ್ನೂ ಹೊರಗೆ ಬಿಡುವ ಬಾಗಿಲು. ಈ ಬಾಗಿಲಿನ ನಕ್ಷೆ ಏಳನೇ ವರ್ಣತಂತುವಿನ ಮೇಲಿದೆ, ಆ ನಕ್ಷೆಯನ್ನು ಲ್ಯಾಪ್-ಚೀ ತ್ಸುಯಿ, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಅವರ ಸಂಗಡಿಗರು 1989ರಲ್ಲಿ ಕಂಡುಹಿಡಿದರು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಒಂದೇ ಪ್ರತಿ ಕೆಟ್ಟಿರುವವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ತಾವು ವಾಹಕರೆಂದು ಗೊತ್ತೂ ಇರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ. ನಮ್ಮ ಭಾಗದಲ್ಲಿ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ, ಚಿಕ್ಕಪ್ಪನ ಮಕ್ಕಳ ನಡುವೆ ಎಂದು ಬೇರೆ ಬೇರೆ ಸಮಾಜಗಳಲ್ಲಿ ರಕ್ತಸಂಬಂಧದ ಮದುವೆಗಳಿವೆ. ಒಂದೇ ಮನೆತನದಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು ಎಂಬುದಷ್ಟೇ ಇದರ ಲೆಕ್ಕ. ಯಾರ ಮೇಲೂ ತಪ್ಪು ಹೊರಿಸಲು ನಾನು ಇದನ್ನು ಹೇಳುತ್ತಿಲ್ಲ. ಮೊದಲ ಮಗುವಿಗೆ ಹೀಗಾಗಿದ್ದರೆ ಮುಂದಿನ ಬಸಿರಿಗೆ ಮೊದಲೇ ವೈದ್ಯರನ್ನು ಕೇಳಿರಿ ಎಂದು ಹೇಳಲಿಕ್ಕೆ.

ಬೆವರಿನ ಗ್ರಂಥಿಯಲ್ಲಿ ಈ ಬಾಗಿಲು ತಿರುವುಮುರುವಾಗಿ ಕೆಲಸ ಮಾಡುತ್ತದೆ, ಉಪ್ಪನ್ನು ಮೈಯೊಳಗೆ ಮರಳಿ ಎಳೆದುಕೊಳ್ಳುತ್ತದೆ. ಅದು ಕೆಟ್ಟರೆ ಉಪ್ಪು ಬೆವರಿನಲ್ಲೇ ಹೊರಗೆ ಹೋಗುತ್ತದೆ. ಶ್ವಾಸನಾಳದಲ್ಲಿ ಕ್ಲೋರೈಡ್ ಹೊರಗೆ ಬಂದರೆ ಅದರ ಹಿಂದೆ ನೀರು ಬರುತ್ತದೆ. ಬಾಗಿಲು ಮುಚ್ಚಿದರೆ ನೀರೂ ಬರುವುದಿಲ್ಲ. ಇತ್ತ ಸೋಡಿಯಂ ಒಳಗೆಳೆಯುವ ಬೇರೆ ಬಾಗಿಲುಗಳು ತಮ್ಮ ಕೆಲಸ ಮಾಡುತ್ತಲೇ ಇರುವುದರಿಂದ ಇದ್ದ ನೀರೂ ಹಿಂದಕ್ಕೆ ಹೋಗುತ್ತದೆ.

ಆ ನೀರು ಎಷ್ಟು ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಶ್ವಾಸನಾಳದ ಒಳಗೋಡೆಯ ತುಂಬ ಸೂಕ್ಷ್ಮ ರೋಮಗಳಿವೆ. ಅವು ನಿಂತಿರುವ ತೆಳು ನೀರಿನ ಪದರ ಸುಮಾರು 7 ಮೈಕ್ರೊಮೀಟರ್ ಆಳ, ಅಂದರೆ ನಮ್ಮ ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಭಾಗ. ಆ ನೀರಿನ ಮೇಲೆ ಲೋಳೆಯ ಹಾಸಿಗೆ ತೇಲುತ್ತದೆ. ನಾವು ಉಸಿರಾಡುವ ಧೂಳು, ರೋಗಾಣು ಎಲ್ಲ ಆ ಲೋಳೆಗೆ ಅಂಟುತ್ತವೆ. ಗಾಳಿ ಬೀಸಿದಾಗ ಜೋಳದ ಹೊಲದ ತೆನೆಗಳು ಒಂದರ ಹಿಂದೆ ಒಂದು ಬಾಗುವಂತೆ ರೋಮಗಳು ಬಡಿಯುತ್ತವೆ, ಲೋಳೆ ಮೇಲಕ್ಕೆ ಗಂಟಲಿಗೆ ಬರುತ್ತದೆ, ನಾವು ತಿಳಿಯದೇ ನುಂಗುತ್ತೇವೆ. ಹಗಲೂ ರಾತ್ರಿ ನಡೆಯುವ ಕಸಗುಡಿಸುವ ಕೆಲಸ ಇದು.

ನೀರಿನ ಪದರ ತೆಳುವಾದರೆ ರೋಮಗಳು ಲೋಳೆಯ ಕೆಳಗೆ ಸಿಕ್ಕಿ ಬೀಳುತ್ತವೆ. ಬೈಕಾರ್ಬೊನೇಟ್ ಇಲ್ಲದಿದ್ದರೆ ಇನ್ನೂ ಎರಡು ಕೇಡು. ಗ್ರಂಥಿಯಿಂದ ಬರುವ ಲೋಳೆ ಸರಿಯಾಗಿ ಬಿಚ್ಚಿಕೊಳ್ಳದೆ ಹಗ್ಗದಂತೆ ಅಂಟಿಕೊಂಡೇ ಇರುತ್ತದೆ. ಶ್ವಾಸನಾಳದ ದ್ರವ ಹುಳಿಯ ಕಡೆಗೆ ವಾಲುತ್ತದೆ, ಅದರಲ್ಲಿರುವ ರೋಗಾಣು ಕೊಲ್ಲುವ ಸಹಜ ಶಕ್ತಿ ಕುಂದುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಇದೇ ದೋಷವಿರುವ ಹಂದಿಮರಿಗಳನ್ನು ಸಾಕಿ ಇದನ್ನು ತೋರಿಸಿದ್ದಾರೆ. ಹುಟ್ಟಿದಾಗ ಆ ಮರಿಗಳ ಶ್ವಾಸಕೋಶದಲ್ಲಿ ಸೋಂಕು ಇರಲಿಲ್ಲ, ಉರಿಯೂತವೂ ಇರಲಿಲ್ಲ, ಆದರೆ ಒಳಗೆ ಹಾಕಿದ ರೋಗಾಣುಗಳನ್ನು ತೊಡೆದುಹಾಕುವ ಶಕ್ತಿ ಆಗಲೇ ಕಡಿಮೆಯಿತ್ತು. ಅಂದರೆ ದೋಷ ಮೊದಲು, ಸೋಂಕು ಆಮೇಲೆ.

ಮೊದಲ ವರ್ಷಗಳಲ್ಲಿ ಸ್ಟೆಫೈಲೊಕಾಕಸ್, ಹಿಮೊಫಿಲಸ್ ಎಂಬ ರೋಗಾಣುಗಳು ಬರುತ್ತವೆ. ಅವುಗಳ ಹಿಂದೆ ಸೂಡೋಮೊನಾಸ್ ಏರುಜಿನೋಸಾ ಬರುತ್ತದೆ. ಇದು ಎಲ್ಲಿಂದಲೋ ಬರುವ ಅಪರೂಪದ ರೋಗಾಣುವಲ್ಲ. ತೇವ ಇರುವಲ್ಲೆಲ್ಲ ಇರುತ್ತದೆ: ಬಚ್ಚಲ ಮೋರಿಯಲ್ಲಿ, ಹಸಿಮಣ್ಣಿನಲ್ಲಿ, ನೀರು ನಿಂತ ಪಾತ್ರೆಯಲ್ಲಿ. ಆರೋಗ್ಯವಂತರ ಶ್ವಾಸಕೋಶ ಇದನ್ನು ದಿನವೂ ಗುಡಿಸಿ ಹಾಕುತ್ತದೆ. ಈ ಮಕ್ಕಳಲ್ಲಿ ಗುಡಿಸುವ ಕೆಲಸವೇ ನಿಂತಿದೆ.

ಇಲ್ಲಿ ನಿಮ್ಮ ಮನೆಯ ನೀರಿನ ಟಾಕಿಯನ್ನು ನೆನಪಿಸಿಕೊಳ್ಳಿ. ಗದಗ-ಬೆಟಗೇರಿಯಲ್ಲಿ ನಳದ ನೀರು ದಿನವೂ ಬರುವುದಿಲ್ಲ. ಬಂದ ದಿನ ಟಾಕಿ, ಡ್ರಮ್ಮು, ಕೊಡ ಎಲ್ಲ ತುಂಬಿಡುತ್ತೇವೆ. ಕೆಲವು ವಾರ ತಿಕ್ಕದೆ ಬಿಟ್ಟರೆ ಡ್ರಮ್ಮಿನ ಒಳಗೋಡೆಗೆ ಕೈಗೆ ಜಾರುವ ಲೋಳೆ ಕಟ್ಟುತ್ತದೆ. ನೀರು ಚೆಲ್ಲಿ ಹೊಸ ನೀರು ತುಂಬಿದರೂ ಅದು ಹೋಗುವುದಿಲ್ಲ. ಔಷಧಿ ಪುಡಿ ಹಾಕಿದರೆ ನೀರಿನಲ್ಲಿ ತೇಲುವ ರೋಗಾಣು ಸಾಯುತ್ತವೆ, ಗೋಡೆಯ ಲೋಳೆಯ ಒಳಗಿನವು ಬಹಳಷ್ಟು ಉಳಿಯುತ್ತವೆ. ತಿಕ್ಕಿಯೇ ತೆಗೆಯಬೇಕು. ರೋಗಾಣುಗಳು ತಾವೇ ಅಂಟು ಸುರಿಸಿಕೊಂಡು ಅದರೊಳಗೆ ಕೂಡಿ ಬಾಳುವ ಈ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಸೂಡೋಮೊನಾಸ್ ಶ್ವಾಸನಾಳದಲ್ಲಿ ಕಟ್ಟುವುದು ಇಂಥದ್ದನ್ನೇ. ಆದರೆ ಶ್ವಾಸನಾಳದ ಒಳಗೆ ಕೈಹಾಕಿ ತಿಕ್ಕಲು ಬರುವುದಿಲ್ಲ.

ಮೊದಲು ಬಂದಾಗ ಸೂಡೋಮೊನಾಸ್ ಹೊರಗಿನ ಜಗತ್ತಿನ ರೋಗಾಣುವಿನಂತೆಯೇ ಇರುತ್ತದೆ. ಬಾಲವಿರುತ್ತದೆ, ಈಜುತ್ತದೆ, ಬಿಡಿಬಿಡಿಯಾಗಿರುತ್ತದೆ, ಹೆಚ್ಚಿನ ಔಷಧಿಗಳಿಗೆ ಬಗ್ಗುತ್ತದೆ. ದಪ್ಪ ಕಫದ ಗಟ್ಟಿಯೊಳಗೆ ಆಮ್ಲಜನಕ ಬಹಳ ಕಡಿಮೆ. ಸೂಡೋಮೊನಾಸ್ ಅಲ್ಲಿಯೂ ನೈಟ್ರೇಟ್ ಬಳಸಿ ಬದುಕಬಲ್ಲದು. ತಿಂಗಳುಗಳು, ವರ್ಷಗಳು ಕಳೆದಂತೆ ಅದು ಆ ಮನೆಗೆ ತಕ್ಕಂತೆ ಬದಲಾಗುತ್ತದೆ. ಬಾಲ ಬಿಡುತ್ತದೆ. ಮ್ಯುಕ್-ಎ ಎಂಬ ಒಂದು ಜೀನ್ ಕೆಟ್ಟಾಗ ಅದಕ್ಕಿದ್ದ ಕಡಿವಾಣ ತಪ್ಪಿ, ಆಲ್ಜಿನೇಟ್ ಎಂಬ ಅಂಟನ್ನು ವಿಪರೀತ ಸುರಿಸತೊಡಗುತ್ತದೆ. ಇದನ್ನು ಮ್ಯುಕಾಯ್ಡ್ ರೂಪ ಎನ್ನುತ್ತಾರೆ. ಲ್ಯಾಬಿನ ತಟ್ಟೆಯಲ್ಲಿ ಇದರ ಗುಂಪುಗಳು ಒದ್ದೆ ಗೋಂದಿನ ಹನಿಗಳಂತೆ ಕಾಣುತ್ತವೆ.

ನಮ್ಮ ದೇಹ ಸುಮ್ಮನೆ ಕೂಡುವುದಿಲ್ಲ. ಬಿಳಿ ರಕ್ತಕಣಗಳನ್ನು ದಂಡುದಂಡಾಗಿ ಕಳಿಸುತ್ತದೆ. ಅವು ಅಂಟಿನೊಳಗಿನ ರೋಗಾಣುವನ್ನು ನುಂಗಲಾರವು, ಅಲ್ಲಿಯೇ ಒಡೆದು ಸಾಯುತ್ತವೆ. ಒಡೆದಾಗ ಎರಡು ವಸ್ತು ಹೊರಬೀಳುತ್ತವೆ. ಒಂದು, ಅವುಗಳ ಡಿ.ಎನ್.ಎ. ಇದು ಉದ್ದುದ್ದ ದಾರದಂತಿದ್ದು ಕಫವನ್ನು ಇನ್ನೂ ಗಟ್ಟಿ ಮಾಡುತ್ತದೆ. ಇನ್ನೊಂದು, ಇಲಾಸ್ಟೇಸ್ ಎಂಬ ಕಿಣ್ವ. ಇದು ಶ್ವಾಸನಾಳದ ಗೋಡೆಯ ಹಿಗ್ಗು-ಕುಗ್ಗುವ ನಾರನ್ನೇ ಕಡಿದುಹಾಕುತ್ತದೆ. ಗೋಡೆ ಸಡಿಲವಾಗಿ ನಾಳ ಚೀಲದಂತೆ ಅಗಲವಾಗುತ್ತದೆ. ಅಲ್ಲಿ ಇನ್ನಷ್ಟು ಕಫ ನಿಲ್ಲುತ್ತದೆ, ಇನ್ನಷ್ಟು ರೋಗಾಣು ಸೇರುತ್ತದೆ. ಹೀಗೆ ಅಗಲವಾದ ನಾಳ ಮತ್ತೆ ಮೊದಲಿನಂತಾಗುವುದು ಕಷ್ಟ. ಶ್ವಾಸಕೋಶವನ್ನು ಹಾಳು ಮಾಡುವುದು ರೋಗಾಣು ಮಾತ್ರವಲ್ಲ, ಅದನ್ನು ಓಡಿಸಲಾಗದೆ ವರ್ಷಗಟ್ಟಲೆ ನಡೆಯುವ ಯುದ್ಧವೂ ಹೌದು.

ಆದ್ದರಿಂದ ಮೊದಲ ಸೋಂಕಿಗೂ ಬೇರೂರಿದ ಸೋಂಕಿಗೂ ನಡುವೆ ಒಂದು ಗೆರೆ ಇದೆ. ಈ ಗೆರೆ ದಾಟದಂತೆ ತಡೆಯಬಹುದೆಂದು ತೋರಿಸಿದವರು ಡೆನ್ಮಾರ್ಕಿನ ಕೋಪನ್‌ಹೇಗನ್ ವೈದ್ಯರು. 1991ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇದ್ದವರು 26 ಜನ ಮಾತ್ರ. 14 ಜನರಿಗೆ ಕಫದಲ್ಲಿ ಸೂಡೋಮೊನಾಸ್ ಕಂಡಾಗಲೆಲ್ಲ ಮೂರು ವಾರ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆ ಮತ್ತು ಉಸಿರಿನಲ್ಲಿ ಎಳೆಯುವ ಕೊಲಿಸ್ಟಿನ್ ಕೊಟ್ಟರು. 12 ಜನರಿಗೆ ಕೊಡಲಿಲ್ಲ. 27 ತಿಂಗಳು ಕಳೆದಾಗ ಔಷಧಿ ಪಡೆದ 14ರಲ್ಲಿ ಇಬ್ಬರಿಗೆ, ಪಡೆಯದ 12ರಲ್ಲಿ ಏಳು ಜನರಿಗೆ ಸೋಂಕು ಬೇರೂರಿತ್ತು. ಈಗ ಅನೇಕ ಕಡೆ ಮೊದಲ ಸೋಂಕಿಗೆ ಟೋಬ್ರಾಮೈಸಿನ್ ಎಂಬ ಔಷಧಿಯನ್ನು 300 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, 28 ದಿನ ನೆಬ್ಯುಲೈಜರಿನಲ್ಲಿ ಕೊಡುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ರೋಗಾಣು ಹೋಗುತ್ತದೆ. ಮತ್ತೆ ಬರಬಹುದು, ಬಂದರೆ ಮತ್ತೆ ಓಡಿಸಬೇಕು.

ಕಂಡಾಗ ಓಡಿಸಬೇಕಾದರೆ ಮೊದಲು ಕಾಣಬೇಕಲ್ಲ? ಮೊದಲ ಸೋಂಕಿನಲ್ಲಿ ಮಗು ಚೆನ್ನಾಗಿಯೇ ಆಡಿಕೊಂಡಿರಬಹುದು, ಜ್ವರ ಇರಲಿಕ್ಕಿಲ್ಲ. ಅದಕ್ಕೇ ಮಗು ಆರಾಮಿದ್ದರೂ ಮೂರು ತಿಂಗಳಿಗೊಮ್ಮೆ ಕಫ ಪರೀಕ್ಷೆ. ಸಣ್ಣ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ಕೆಮ್ಮಿಸಿ ಗಂಟಲ ಹಿಂಭಾಗದಿಂದ ಹತ್ತಿಯ ಕಡ್ಡಿಯಲ್ಲಿ ತೆಗೆಯಬೇಕು. ಚೀಟಿಯ ಮೇಲೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಬರೆಯಬೇಕು. ಬರೆಯದಿದ್ದರೆ ಲ್ಯಾಬಿನವರು ಗಂಟಲಿನ ಸಾಮಾನ್ಯ ರೋಗಾಣುಗಳೆಂದು ವರದಿ ಕೊಟ್ಟು ಬಿಡುವ ಸಂಭವವಿದೆ.

ನಮ್ಮ ಹುಡುಗಿಗೆ ಮೊದಲ ಪರೀಕ್ಷೆಯಲ್ಲೇ ಸೂಡೋಮೊನಾಸ್ ಸಿಕ್ಕಿತು. ಇನ್ನೂ ಅಂಟು ಸುರಿಸದ ರೂಪ. ಗುಳಿಗೆ ಮತ್ತು ನೆಬ್ಯುಲೈಜರ್ ಔಷಧಿ ಕೊಟ್ಟ ಮೇಲೆ ಹೋಯಿತು. ಊಟದ ಜೊತೆ ಜೀರ್ಣಕಿಣ್ವದ ಕ್ಯಾಪ್ಸೂಲು ಸುರುವಾದ ಮೇಲೆ ಜಿಡ್ಡಿನ ಮಲ ನಿಂತಿತು, ಮೈ ಹತ್ತಿತು, ಒಂದು ವರ್ಷದಲ್ಲಿ ಮೂರು ಕಿಲೊ ಹೆಚ್ಚಾದಳು. ನಾಲ್ಕು ಪರೀಕ್ಷೆಗಳಲ್ಲಿ ಸೂಡೋಮೊನಾಸ್ ಇಲ್ಲ. ಆಗ ಮನೆಯವರಿಗೆ ಅನ್ನಿಸಿತು, ಹುಡುಗಿ ಆರಾಮಾದಳು. ಬಸ್ಸಿನ ಖರ್ಚು, ಕೂಲಿ ಬಿಟ್ಟು ಬರುವ ತಾಪತ್ರಯ. ಹದಿನಾಲ್ಕು ತಿಂಗಳು ಬರಲಿಲ್ಲ. ಮತ್ತೆ ಬಂದಾಗ ಏಳು ವರ್ಷ, ಬೆಳಿಗ್ಗೆ ಹಸಿರು ಕಫ. ಮುಂದಿನ ಹನ್ನೆರಡು ತಿಂಗಳಲ್ಲಿ ಹತ್ತು ತಿಂಗಳು ಕಫ ಪರೀಕ್ಷೆ ಮಾಡಿದರು, ಏಳು ತಿಂಗಳಲ್ಲಿ ಸೂಡೋಮೊನಾಸ್ ಸಿಕ್ಕಿತು, ಕೊನೆಯ ನಾಲ್ಕರಲ್ಲಿ ಮ್ಯುಕಾಯ್ಡ್. ಇಂಗ್ಲೆಂಡಿನ ಲೀಡ್ಸ್ ವೈದ್ಯರು ಮಾಡಿದ ಒಂದು ಲೆಕ್ಕವನ್ನು ಎಲ್ಲೆಡೆ ಬಳಸುತ್ತಾರೆ: ಒಂದು ವರ್ಷದಲ್ಲಿ ಪರೀಕ್ಷಿಸಿದ ತಿಂಗಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಿಂಗಳು ರೋಗಾಣು ಸಿಕ್ಕರೆ ಸೋಂಕು ಬೇರೂರಿದೆ. ಹತ್ತರಲ್ಲಿ ಏಳು ಎಂದರೆ ಗೆರೆ ದಾಟಿತು.

ಇಲ್ಲಿಂದ ಚಿಕಿತ್ಸೆಯ ಗುರಿಯೇ ಬದಲಾಗುತ್ತದೆ. ರೋಗಾಣುವನ್ನು ಓಡಿಸುವುದಲ್ಲ, ಅದರ ಸಂಖ್ಯೆಯನ್ನು ತಗ್ಗಿಸಿ ಇಡುವುದು ಗುರಿ. ಟೋಬ್ರಾಮೈಸಿನ್ ನೆಬ್ಯುಲೈಜರನ್ನು ಒಂದು ತಿಂಗಳು ಕೊಟ್ಟು ಒಂದು ತಿಂಗಳು ಬಿಡುವುದು, ಹೀಗೆ ವರ್ಷಗಟ್ಟಲೆ. ಅಜಿಥ್ರೋಮೈಸಿನ್ ಗುಳಿಗೆಯನ್ನು ವಾರಕ್ಕೆ ಮೂರು ದಿನ ಕೊಡುವುದುಂಟು. ಇದು ಮಾಮೂಲು ಪ್ರಮಾಣದಲ್ಲಿ ಸೂಡೋಮೊನಾಸನ್ನು ಕೊಲ್ಲುವ ಔಷಧಿಯಲ್ಲ, ಉರಿಯೂತವನ್ನು ತಗ್ಗಿಸಿ ಉಪಕಾರ ಮಾಡುತ್ತದೆ. ಆದರೆ ಇದನ್ನು ಸುರು ಮಾಡುವ ಮೊದಲು ಕಫದಲ್ಲಿ ಕ್ಷಯದ ಜಾತಿಗೆ ಸೇರಿದ ಬೇರೆ ಮೈಕೊಬ್ಯಾಕ್ಟೀರಿಯಾ ಇಲ್ಲವೆಂದು ನೋಡಲೇಬೇಕು. ಅವು ಇದ್ದು ಈ ಒಂದೇ ಔಷಧಿ ಕೊಟ್ಟರೆ ಅವು ಔಷಧಿಗೆ ಬಗ್ಗದಂತಾಗುತ್ತವೆ.

ನೆಬ್ಯುಲೈಜರ್ ಔಷಧಿಗೂ ಒಂದು ಸರದಿ ಇದೆ. ಮೊದಲು ನಾಳ ಅಗಲಿಸುವ ಔಷಧಿ. ಆಮೇಲೆ ಉಪ್ಪಿನ ದ್ರಾವಣ, ಸಾಮಾನ್ಯವಾಗಿ ಶೇಕಡಾ 7ರದು. ಉಪ್ಪು ನೀರನ್ನು ಶ್ವಾಸನಾಳದೊಳಗೆ ಎಳೆಯುತ್ತದೆ, ಕಳೆದುಹೋದ ಆ ತೆಳು ಪದರವನ್ನು ಸ್ವಲ್ಪ ಹೊತ್ತು ಮರಳಿ ತರುತ್ತದೆ. ಇದನ್ನು ಮನೆಯ ಉಪ್ಪಿನಿಂದ ಮಾಡಲೇಬಾರದು. ಆಮೇಲೆ ಬೆನ್ನು ಎದೆ ತಟ್ಟಿ, ಊದಿಸಿ, ಕೆಮ್ಮಿಸಿ ಕಫ ತೆಗೆಯುವುದು. ಡ್ರಮ್ಮು ತಿಕ್ಕುವುದಕ್ಕೆ ಸಮೀಪದ ಕೆಲಸ ಇದೇ. ಎಲ್ಲಕ್ಕೂ ಕೊನೆಗೆ ಆ್ಯಂಟಿಬಯೋಟಿಕ್. ಕಫ ಇದ್ದಾಗಲೇ ಅದನ್ನು ಕೊಟ್ಟರೆ ಔಷಧಿ ಕಫದ ಮೇಲೆ ಬೀಳುತ್ತದೆ, ಗೋಡೆಗೆ ಮುಟ್ಟುವುದಿಲ್ಲ.

ಇಷ್ಟು ಮಾಡಿದರೂ ನಡುನಡುವೆ ಕಾಯಿಲೆ ಏರುತ್ತದೆ. ಅದನ್ನು ಜ್ವರದಿಂದ ಗುರುತಿಸಲು ಹೋಗಬೇಡಿ, ಬಹಳ ಸಲ ಜ್ವರವೇ ಇರುವುದಿಲ್ಲ. ಕೆಮ್ಮು ಹೆಚ್ಚಾಯಿತೆ, ಕಫದ ಬಣ್ಣ ಬದಲಾಯಿತೆ, ಊಟ ತಗ್ಗಿತೆ, ತೂಕ ಇಳಿಯಿತೆ, ಆಟ ಬಿಟ್ಟು ಕೂತಳೆ, ಇವೇ ಗುರುತುಗಳು. ಉಸಿರಿನ ಯಂತ್ರದಲ್ಲಿ ಊದಿಸಿದಾಗ ಮೊದಲ ಸೆಕೆಂಡಿನಲ್ಲಿ ಬರುವ ಗಾಳಿ ಕಡಿಮೆಯಾಗುತ್ತದೆ. ನಮ್ಮ ಹುಡುಗಿಗೆ ಶೇಕಡಾ 82 ಇದ್ದದ್ದು 68ಕ್ಕೆ ಇಳಿಯಿತು. ಆಗ ಆಸ್ಪತ್ರೆಯಲ್ಲಿ ಎರಡು ಬಗೆಯ ಆ್ಯಂಟಿಬಯೋಟಿಕ್, ಉದಾಹರಣೆಗೆ ಸೆಫ್ಟಾಜಿಡಿಮ್ ಮತ್ತು ಅಮಿಕಾಸಿನ್, ರಕ್ತನಾಳದ ಮೂಲಕ ಸುಮಾರು ಎರಡು ವಾರ. ಈ ಮಕ್ಕಳ ದೇಹ ಔಷಧಿಯನ್ನು ಬೇಗ ಹೊರಹಾಕುವುದರಿಂದ ಪ್ರಮಾಣವೂ ಹೆಚ್ಚು ಬೇಕು. ಅದಕ್ಕೇ ಕಿವಿ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಜೊತೆಗೆ ಬೇಕು. ಅವಳದು 78ಕ್ಕೆ ಏರಿತು, 82ಕ್ಕೆ ಮರಳಲಿಲ್ಲ. ಇಂಥ ಏರಿಕೆಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಸಲ ಹೀಗೆಯೇ ಆಗುತ್ತದೆ, ಹೋದದ್ದು ಪೂರ್ತಿ ಮರಳುವುದಿಲ್ಲ. ಬೇರೂರಿದ ಸೋಂಕು ವರ್ಷ ವರ್ಷವೂ ಮೆಟ್ಟಿಲು ಇಳಿಸುವುದು ಹೀಗೆ.

ಪಾಲಕರು ಕೇಳುವ ಒಂದು ಪ್ರಶ್ನೆ: "ವರದಿಯೊಳಗ ಈ ಔಷಧಕ್ಕ ಬಗ್ಗತೈತಿ ಅಂತ ಬರದಾರ, ಮತ್ತ ಯಾಕ ಹೋಗವಲ್ತು?" ಲ್ಯಾಬಿನಲ್ಲಿ ಪರೀಕ್ಷಿಸುವುದು ಬಿಡಿಯಾಗಿ ಬೆಳೆಸಿದ ರೋಗಾಣುವನ್ನು. ಬಯೋಫಿಲ್ಮಿನೊಳಗೆ ಅದೇ ರೋಗಾಣುವನ್ನು ಕೊಲ್ಲಲು ನೂರಾರು ಪಟ್ಟು ಹೆಚ್ಚು ಔಷಧಿ ಬೇಕಾಗಬಹುದು. ವರದಿ ಸುಳ್ಳಲ್ಲ, ಆದರೆ ಅದು ಡ್ರಮ್ಮಿನ ನೀರಿನ ವರದಿ, ಗೋಡೆಯ ಲೋಳೆಯ ವರದಿಯಲ್ಲ.

ಈಗ ಬಾಗಿಲನ್ನೇ ದುರಸ್ತಿ ಮಾಡುವ ಗುಳಿಗೆಗಳು ಬಂದಿವೆ. 2012ರಲ್ಲಿ ಐವಾಕ್ಯಾಫ್ಟರ್, 2019ರಲ್ಲಿ ಮೂರು ಔಷಧಿಗಳ ಸಂಯೋಗ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಇವು ಕೆಲಸ ಮಾಡುವವರಲ್ಲಿ ಫಲ ದೊಡ್ಡದು: ಬೆವರಿನ ಉಪ್ಪು ಇಳಿಯುತ್ತದೆ, ಕಫ ಕಡಿಮೆಯಾಗುತ್ತದೆ, ಉಸಿರು ಸುಧಾರಿಸುತ್ತದೆ. ಎಲ್ಲ ಬಗೆಯ ದೋಷಕ್ಕೂ ಇವು ನಡೆಯುವುದಿಲ್ಲ. ಪಾಶ್ಚಾತ್ಯರಲ್ಲಿ ಅತಿ ಸಾಮಾನ್ಯವಾದ ದೋಷ, 508ನೇ ಸ್ಥಾನದ ಒಂದು ಅಮೈನೊ ಆಮ್ಲ ಇಲ್ಲದಿರುವುದು, ನಮ್ಮ ದೇಶದ ರೋಗಿಗಳಲ್ಲಿ ಅಷ್ಟು ಹೆಚ್ಚಿಲ್ಲ. ಬೆಲೆಯಂತೂ ನಮ್ಮಂಥವರ ಕೈಗೆ ಎಟುಕುವುದಲ್ಲ. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ರೋಗದ ಹೆಸರಿದೆ, ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿದ ಮಾನವ ತಳಿವಿಜ್ಞಾನ ಕೇಂದ್ರವನ್ನು ಆ ನೀತಿಯಡಿ ಗುರುತಿಸಲಾಗಿದೆ. ಅಲ್ಲಿ ವಿಚಾರಿಸಬಹುದು.

ಆದರೆ ನನ್ನ ಪ್ರಶ್ನೆಗೆ ಸಂಬಂಧಿಸಿದ ಸಂಗತಿ ಬೇರೆ ಇದೆ. ಐವಾಕ್ಯಾಫ್ಟರ್ ಪಡೆದ 12 ರೋಗಿಗಳ ಕಫವನ್ನು ಸಂಶೋಧಕರು ಎಣಿಸುತ್ತ ಹೋದರು. ಸೂಡೋಮೊನಾಸ್ ಸಂಖ್ಯೆ ಎರಡೇ ದಿನಗಳಲ್ಲಿ ಇಳಿಯಿತು. ಮೊದಲ ವರ್ಷದ ನಂತರ ಮತ್ತೆ ಏರಿತು. ಹೊಸ ಮೂರು ಔಷಧಿಗಳ ಸಂಯೋಗದಲ್ಲೂ ಸಂಖ್ಯೆ ಬಹಳ ಇಳಿಯುತ್ತದೆ, ಆದರೆ ಬೇರೂರಿದ್ದ ಬಹಳ ಜನರಲ್ಲಿ ಪೂರ್ತಿ ಹೋಗುವುದಿಲ್ಲ. ಬಾಗಿಲು ತೆರೆದರೂ ಒಳಗೆ ಕೂತವನು ಏಳುವುದಿಲ್ಲ. ಆದ್ದರಿಂದ ಗೆರೆ ದಾಟುವ ಮೊದಲಿನ ವರ್ಷಗಳಿಗೆ ಇಷ್ಟು ಬೆಲೆ.

ಆ ವರ್ಷಗಳಲ್ಲಿ ನಾವು ಇಲ್ಲಿ ಏನು ಮಾಡಬಹುದು? ಎರಡು ಕೆಲಸ ಹೇಳುತ್ತೇನೆ. ಒಂದು, ನೆಬ್ಯುಲೈಜರ್ ಶುದ್ಧವಾಗಿಡುವುದು. ಔಷಧಿ ಹಾಕುವ ಬಟ್ಟಲನ್ನು ತುಂಬಿಟ್ಟ ಟಾಕಿ ನೀರಿನಲ್ಲಿ ಜಾಲಿಸಿ ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಮಗುವಿನ ಎದೆಯೊಳಗೆ ಸೂಡೋಮೊನಾಸನ್ನು ನಾವೇ ಊದಿದಂತೆ. ಪ್ರತಿ ಸಲ ಸಾಬೂನಿನಲ್ಲಿ ತೊಳೆಯಿರಿ. ಕುದಿಸಬಹುದಾದ ಬಗೆಯ ಭಾಗಗಳನ್ನು ದಿನಕ್ಕೊಮ್ಮೆ ಐದು ನಿಮಿಷ ಕುದಿಸಿರಿ. ಕುದಿಸಿದ ಮೇಲೆ ಮತ್ತೆ ನಳದ ನೀರಿನಲ್ಲಿ ಜಾಲಿಸಬೇಡಿ. ಶುದ್ಧ ಬಟ್ಟೆಯ ಮೇಲೆ ಪೂರ್ತಿ ಒಣಗಿಸಿರಿ. ಸೂಡೋಮೊನಾಸಿಗೆ ಒಣಗಿದ ಜಾಗ ಆಗಿಬರುವುದಿಲ್ಲ.

ಎರಡು, ಈ ಕಾಯಿಲೆಯ ಇಬ್ಬರು ಮಕ್ಕಳನ್ನು ಒಟ್ಟಿಗೆ ಕೂಡಿಸಬಾರದು. ಒಬ್ಬರಿಂದ ಒಬ್ಬರಿಗೆ ಬೇರೂರಿದ ಜಾತಿಯ ರೋಗಾಣು ದಾಟುತ್ತದೆ. ಕನಿಷ್ಠ ಎರಡು ಮೀಟರ್ ಅಂತರ ಬೇಕು. ಕೋಪನ್‌ಹೇಗನ್‌ನಲ್ಲಿ 1981ರಿಂದಲೇ ಸೋಂಕು ಇದ್ದವರನ್ನೂ ಇಲ್ಲದವರನ್ನೂ ಬೇರೆ ಬೇರೆ ದಿನ ಕರೆಯತೊಡಗಿದರು. ಆದ್ದರಿಂದ ಯಾರಾದರೂ ಈ ಮಕ್ಕಳಿಗಾಗಿ ಒಂದು ಶಿಬಿರ ಮಾಡೋಣ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರೆ, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಬೇಡಿ ಎಂದು ಹೇಳಿರಿ.

ನನ್ನ ಮಾತಿಗೆ ಮೊದಲು ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಳು: ಇಂಥವರು ನಮ್ಮ ತರಗತಿಯಲ್ಲಿದ್ದರೆ ನಮಗೆ ಹತ್ತುತ್ತದೆಯೆ? ಇಲ್ಲಮ್ಮ. ಕಾಯಿಲೆ ಹುಟ್ಟಿನಿಂದ ಬಂದದ್ದು, ಅದು ಹತ್ತುವುದಿಲ್ಲ. ಅವರ ಕಫದಲ್ಲಿರುವ ಸೂಡೋಮೊನಾಸನ್ನು ನಿನ್ನ ಆರೋಗ್ಯವಂತ ಶ್ವಾಸನಾಳ ಗುಡಿಸಿಹಾಕುತ್ತದೆ. ಅವಳು ಕೆಮ್ಮಿದರೆ ದೂರ ಸರಿಯಬೇಡ. ಕೆಮ್ಮುವುದೇ ಅವಳ ಔಷಧಿ, ನಾಚಿಕೊಂಡು ಕೆಮ್ಮು ತಡೆದರೆ ಕಫ ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಅವಳಿಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಲು ಬಿಡಿ, ಅವಳಿಗೆ ನಮಗಿಂತ ಹೆಚ್ಚು ಉಪ್ಪು ಬೇಕು.

ನಿಮ್ಮ ಓಣಿಯಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುವ, ಉಂಡರೂ ಮೈ ಹತ್ತದ, ಜಿಡ್ಡಿನ ಮಲದ, ಮುದ್ದಿಟ್ಟರೆ ಉಪ್ಪಾಗುವ ಮಗು ಇದ್ದರೆ, ಪುರಾವೆ ಇಲ್ಲದೆ ಮೂರನೇ ಸಲ ಕ್ಷಯದ ಗುಳಿಗೆ ಸುರು ಮಾಡುವ ಮೊದಲು "ಬೆವರಿನ ಪರೀಕ್ಷೆ ಆಗಿದೆಯೆ?" ಎಂದು ವೈದ್ಯರನ್ನು ಕೇಳಿರಿ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ದೂರ. ಅಲ್ಲಿನ ಮಕ್ಕಳ ವೈದ್ಯರು ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಹೇಳುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಮಕ್ಕಳನ್ನು ನೋಡುವ ಪ್ರತ್ಯೇಕ ವ್ಯವಸ್ಥೆ ಇದೆ. ಇನ್ನು ರೋಗ ಗೊತ್ತಾಗಿ ಚಿಕಿತ್ಸೆ ನಡೆದಿರುವ ಮನೆ ಇದ್ದರೆ, ಮಗು ಆರಾಮಿದೆ ಎಂದು ಮೂರು ತಿಂಗಳ ಕಫ ಪರೀಕ್ಷೆ ತಪ್ಪಿಸದಂತೆ ನೋಡಿಕೊಳ್ಳಿರಿ. ಸಂಘದ ಹುಡುಗರಲ್ಲಿ ಯಾರಾದರೂ ಆ ದಿನ ಜೊತೆಗೆ ಬಸ್ಸು ಹತ್ತಿದರೂ ಸಾಕು. ನಮ್ಮ ಕಥೆಯ ಹುಡುಗಿಗೆ ತಪ್ಪಿದ್ದು ಆ ಹದಿನಾಲ್ಕು ತಿಂಗಳು ಮಾತ್ರ.